ತಮ್ಮನಿಗೆ ಹೋಗಬೇಕಾದ ಬಿಲ್ಲು ಅಣ್ಣನ ಜಿಎಸ್‌ಟಿ ನಂಬರಿಗೆ ಆಗಿದೆ: ಕ್ಯಾನ್ಸಲ್ ಮಾಡೋದಾ, ಕ್ರೆಡಿಟ್ ನೋಟ್ ಕೊಡೋದಾ?

ಅಂತರಸನಹಳ್ಳಿ ಅಕೌಂಟ್ಸ್ · ಸೋಮವಾರ, ಸಂಜೆ 6:20

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಪ್ಲಾಸ್ಟಿಕ್ ಕ್ರೇಟ್ ಮಾಡುವ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ವಹಿವಾಟು 5 ಕೋಟಿ ದಾಟಿರೋದರಿಂದ ನಮಗೆ ಇ-ಇನ್‌ವಾಯ್ಸ್ ಕಡ್ಡಾಯ.

ಕೋಲಾರದಲ್ಲಿ ನಮಗೆ ಇಬ್ಬರು ಗಿರಾಕಿಗಳು, ಅಣ್ಣ ತಮ್ಮ. ಮೊದಲು ಒಂದೇ ಅಂಗಡಿ ಇತ್ತು, ಪಾಲಾದ ಮೇಲೆ ಬೇರೆ ಬೇರೆ ಜಿಎಸ್‌ಟಿ ನಂಬರ್ ಮಾಡಿಸಿಕೊಂಡರು. ಇಬ್ಬರ ಅಂಗಡಿ ಹೆಸರೂ ಶುರುವಾಗೋದು ಒಂದೇ ಪದದಿಂದ, ಟ್ಯಾಲಿಯಲ್ಲಿ ಲೆಡ್ಜರ್‌ಗಳು ಒಂದರ ಕೆಳಗೆ ಒಂದು ಬರುತ್ತವೆ. ಶನಿವಾರ 18ನೇ ತಾರೀಖು ಬೆಳಗ್ಗೆ 11:40ಕ್ಕೆ ತಮ್ಮನ ಆರ್ಡರಿಗೆ ಬಿಲ್ ಹಾಕುವಾಗ ನಾನು ಅಣ್ಣನ ಲೆಡ್ಜರ್ ಆರಿಸಿಬಿಟ್ಟೆ. 800 ಕ್ರೇಟ್, ಒಂದಕ್ಕೆ 250 ರೂಪಾಯಿ. ಮಾಲಿನ ಬೆಲೆ 2,00,000, ತೆರಿಗೆ 18% ಅಂದರೆ 36,000, ಒಟ್ಟು 2,36,000. ಐಆರ್‌ಎನ್ ಬಂತು, ಇ-ವೇ ಬಿಲ್ಲೂ ಆಯ್ತು, ಒಂದು ಗಂಟೆಗೆ ಲಾರಿ ಹೊರಟಿತು. ರಾತ್ರಿ ಮಾಲು ತಮ್ಮನ ಗೋಡೌನಿಗೇ ಇಳಿದಿದೆ, ಯಾಕಂದರೆ ಡ್ರೈವರಿಗೆ ಫೋನ್ ನಂಬರ್ ಕೊಟ್ಟಿದ್ದು ತಮ್ಮನದು.

ಇವತ್ತು ಬೆಳಗ್ಗೆ 10ಕ್ಕೆ ತಮ್ಮ ಫೋನ್ ಮಾಡಿ "ಮೇಡಂ, ಬಿಲ್ಲು ನಮ್ಮಣ್ಣನ ಹೆಸರಲ್ಲಿದೆ, ನನಗೆ ಕ್ರೆಡಿಟ್ ಹೆಂಗೆ ಬರುತ್ತೆ" ಅಂದರು. ಅಷ್ಟರಲ್ಲಿ 24 ಗಂಟೆ ಮುಗಿದೇ ಹೋಗಿದೆ. ನಮ್ಮ ಯಜಮಾನರು ಡಿಲೀಟ್ ಮಾಡಿ ಅದೇ ನಂಬರಿಗೆ ಹೊಸದು ಹಾಕು ಅಂತಾರೆ. ಆಡಿಟರು ಫೋನಲ್ಲಿ "ಕ್ರೆಡಿಟ್ ನೋಟ್ ಕೊಡಮ್ಮ" ಅಂತ ಅಷ್ಟೇ ಹೇಳಿ ಇಟ್ಟರು. ತಮ್ಮನಿಗೆ 18ನೇ ತಾರೀಖಿನ ಬಿಲ್ಲೇ ಬೇಕಂತೆ. ಈ ತಿಂಗಳ ಜಿಎಸ್‌ಟಿಆರ್-1 ಇನ್ನೂ ಫೈಲ್ ಆಗಿಲ್ಲ. ದಾರಿ ಗೊತ್ತಿರೋರು ತಿಳಿಸಿ.

ಶಿರಾ ಟ್ಯಾಲಿ · ಸೋಮವಾರ, 6:45

ಮೇಡಂ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ಬಿಲ್ ತೆಗೆದು `Alt+D` ಹೊಡೆಯಿರಿ, ಅದೇ ನಂಬರಲ್ಲಿ ತಮ್ಮನ ಲೆಡ್ಜರಿಗೆ ಹೊಸ ಬಿಲ್ ಹಾಕಿ. ರಿಟರ್ನ್ ಫೈಲ್ ಆಗಿಲ್ಲ ಅಂದ ಮೇಲೆ ಯಾರಿಗೆ ಏನು ಗೊತ್ತಾಗುತ್ತೆ? ನಾನು ಹತ್ತು ವರ್ಷದಿಂದ ಹೀಗೇ ಮಾಡ್ತಾ ಬಂದಿದ್ದೀನಿ, ಯಾವ ನೋಟಿಸೂ ಬಂದಿಲ್ಲ.

ಅಂತರಸನಹಳ್ಳಿ ಅಕೌಂಟ್ಸ್ · ಸೋಮವಾರ, 7:05

ಯಜಮಾನರು ಎದುರಿಗೇ ಕೂತಿದ್ದರಿಂದ ಅದನ್ನೂ ಮಾಡಿ ನೋಡಿದೆ ಸರ್. ಡಿಲೀಟ್ ಮಾಡಲಿಲ್ಲ, ಬ್ಯಾಕಪ್ ಕಂಪನಿಯಲ್ಲಿ ಅದೇ ನಂಬರ್ ಇಟ್ಟು ತಮ್ಮನ ಹೆಸರಿಗೆ ಕಳಿಸಿದೆ. ಪೋರ್ಟಲ್ ತಗೊಳ್ಳಲಿಲ್ಲ. `2150 : Duplicate IRN` ಅಂತ ಬಂತು. ಗಿರಾಕಿಯೇ ಬೇರೆ ಆದಮೇಲೂ ಡೂಪ್ಲಿಕೇಟ್ ಯಾಕೆ ಅನ್ನುತ್ತೆ ಅನ್ನೋದು ನನಗೆ ಅರ್ಥ ಆಗಲಿಲ್ಲ.

ಕ್ಯಾತ್ಸಂದ್ರ ರಿಟರ್ನ್ಸ್ · ಸೋಮವಾರ, ರಾತ್ರಿ 9:30

ಮೇಡಂ, ನೀವು ಬ್ಯಾಕಪ್‌ನಲ್ಲಿ ಮಾಡಿದ್ದು ಒಳ್ಳೇದಾಯ್ತು. ಆ ಎರರ್ ಯಾಕೆ ಬಂತು ಅಂತ ಮೊದಲು ಹೇಳ್ತೀನಿ, ಉಳಿದಿದ್ದೆಲ್ಲ ಅದರಿಂದಲೇ ತಿಳಿಯುತ್ತೆ.

ಐಆರ್‌ಎನ್ ಹುಟ್ಟೋದು ನಾಲ್ಕೇ ವಿಷಯದಿಂದ: ಮಾರುವವರ ಜಿಎಸ್‌ಟಿ ನಂಬರ್, ಹಣಕಾಸು ವರ್ಷ, ದಾಖಲೆಯ ಬಗೆ ಅಂದರೆ ಇನ್‌ವಾಯ್ಸೋ ಕ್ರೆಡಿಟ್ ನೋಟೋ, ಮತ್ತೆ ಬಿಲ್ ನಂಬರ್. ಕೊಳ್ಳುವವರ ನಂಬರ್ ಆ ಲೆಕ್ಕದೊಳಗೆ ಇಲ್ಲವೇ ಇಲ್ಲ, ಮೊತ್ತವೂ ಇಲ್ಲ. ಹಾಗಾಗಿ ಅದೇ ಬಿಲ್ ನಂಬರಿಗೆ ನೀವು ಯಾವ ಗಿರಾಕಿಯನ್ನು ಹಾಕಿದರೂ ಅದೇ ಐಆರ್‌ಎನ್ ಹುಟ್ಟುತ್ತೆ. ಪೋರ್ಟಲ್ "ಇದು ಆಗಲೇ ಇದೆ" ಅನ್ನುತ್ತೆ. 24 ಗಂಟೆ ಒಳಗೆ ಕ್ಯಾನ್ಸಲ್ ಮಾಡಿದ್ದರೂ ಇದೇ ಕಥೆ. ಕ್ಯಾನ್ಸಲ್ ಆದ ನಂಬರ್ ಆ ವರ್ಷಕ್ಕೆ ಸತ್ತ ಹಾಗೆ, ಹೊಸ ಬಿಲ್ಲಿಗೆ ಹೊಸ ನಂಬರೇ ಬೇಕು.

ಶಿರಾದವರ ದಾರಿ ಇ-ಇನ್‌ವಾಯ್ಸ್ ಇಲ್ಲದ ಕಾಲದಲ್ಲಿ ನಡೀತಿತ್ತು. ಈಗ ನೀವು ಟ್ಯಾಲಿಯಲ್ಲಿ ಡಿಲೀಟ್ ಮಾಡಿದರೂ ಪೋರ್ಟಲ್‌ನಲ್ಲಿರೋ ಬಿಲ್ ಅಲ್ಲೇ ಇರುತ್ತೆ. ತಾನಾಗೇ ಜಿಎಸ್‌ಟಿಆರ್-1ಕ್ಕೆ ಬಂದು ಕೂರುತ್ತೆ. ಅಣ್ಣನ ನಂಬರಿಗೆ 36,000 ಕ್ರೆಡಿಟ್ ಹೋಗುತ್ತೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಆ ಬಿಲ್ಲೇ ಇರಲ್ಲ. ವರ್ಷದ ಕೊನೆಗೆ ತಾಳೆ ನೋಡುವಾಗ ಎರಡು ಲಕ್ಷದ ವ್ಯತ್ಯಾಸ ಎಲ್ಲಿಂದ ಬಂತು ಅಂತ ಯಾರಿಗೂ ನೆನಪಿರಲ್ಲ.

ನಿಮ್ಮ ಆಡಿಟರ್ ಹೇಳಿದ್ದು ಸರಿ. ಅಣ್ಣನ ಹೆಸರಿಗೆ ಪೂರ್ತಿ 2,36,000ಕ್ಕೆ ಕ್ರೆಡಿಟ್ ನೋಟ್, ತಮ್ಮನ ಹೆಸರಿಗೆ ಹೊಸ ನಂಬರಿನ ಹೊಸ ಬಿಲ್. ಎರಡನ್ನೂ ಈ ತಿಂಗಳೇ ಮಾಡಿ. ಕ್ರೆಡಿಟ್ ನೋಟಿಗೂ ಐಆರ್‌ಎನ್ ತೆಗೀಬೇಕು, ಅದರಲ್ಲಿ ಮೂಲ ಬಿಲ್ಲಿನ ನಂಬರು, ತಾರೀಖು ಎರಡೂ ಇರಲಿ.

ಶಿರಾ ಟ್ಯಾಲಿ · ಸೋಮವಾರ, 9:50

ಐಆರ್‌ಎನ್ ಹೀಗೆ ಹುಟ್ಟುತ್ತೆ ಅಂತ ನನಗೆ ಗೊತ್ತಿರಲಿಲ್ಲ ಸರ್. ನಮ್ಮ ಪಾರ್ಟಿಗಳೆಲ್ಲ 5 ಕೋಟಿ ಒಳಗಿನವರು. ಆದರೂ ಒಂದು ಮಾತು: ಮೇಡಂಗೆ ಶನಿವಾರ ರಾತ್ರಿಯೇ ಗೊತ್ತಾಗಿದ್ದರೆ ಇ-ವೇ ಬಿಲ್ ಕ್ಯಾನ್ಸಲ್ ಮಾಡಿ, ಆಮೇಲೆ ಐಆರ್‌ಎನ್ ಕ್ಯಾನ್ಸಲ್ ಮಾಡಿ ಹೊಸದು ಹಾಕಬಹುದಿತ್ತು ಅಲ್ಲವಾ? 24 ಗಂಟೆ ಅಂತ ಕೊಟ್ಟಿರೋದೇ ಅದಕ್ಕೆ.

ಕ್ಯಾತ್ಸಂದ್ರ ರಿಟರ್ನ್ಸ್ · ಸೋಮವಾರ, 10:15

ಕ್ರಮ ಸರಿಯಾಗಿ ಹೇಳಿದ್ದೀರಿ. ಇ-ವೇ ಬಿಲ್ ಜೀವಂತ ಇರೋವರೆಗೆ ಐಆರ್‌ಎನ್ ಕ್ಯಾನ್ಸಲ್ ಆಗಲ್ಲ, ಮೊದಲು ಅದನ್ನೇ ತೆಗೀಬೇಕು. ಆದರೆ ನಿಯಮ 138(9) ಓದಿ. ಇ-ವೇ ಬಿಲ್ ಕ್ಯಾನ್ಸಲ್ ಮಾಡಬಹುದಾದದ್ದು ಮಾಲು ಹೋಗಿಲ್ಲದಿದ್ದರೆ, ಇಲ್ಲವೇ ಅದರಲ್ಲಿ ಬರೆದಿದ್ದ ವಿವರದಂತೆ ಹೋಗಿಲ್ಲದಿದ್ದರೆ. ದಾರೀಲಿ ಅಧಿಕಾರಿ ತಡೆದು ಪರಿಶೀಲನೆ ಮಾಡಿದ್ದರಂತೂ ಆಗೋದೇ ಇಲ್ಲ.

ಲಾರಿ ಇನ್ನೂ ಕಾರ್ಖಾನೆ ಗೇಟಿನೊಳಗೆ ಇದ್ದಾಗ ತಪ್ಪು ಕಂಡಿತು ಅಂದರೆ ಕಣ್ಣು ಮುಚ್ಚಿ ಕ್ಯಾನ್ಸಲ್ ಮಾಡಿ, ಅದಕ್ಕಿಂತ ಶುದ್ಧವಾದ ದಾರಿ ಇಲ್ಲ. ಲಾರಿ ದಾಬಸ್‌ಪೇಟೆ ದಾಟಿದ ಮೇಲೆ ಕ್ಯಾನ್ಸಲ್ ಮಾಡಿದರೆ ಆ ಕ್ಷಣದಿಂದ ಅದರೊಳಗಿನ ಮಾಲಿಗೆ ಕಾಗದವೇ ಇಲ್ಲ. ಹೊಸಕೋಟೆ ಹತ್ತಿರ ಯಾರಾದರೂ ಕೈ ಅಡ್ಡ ಹಾಕಿದರೆ ಡ್ರೈವರ್ ಕೈಲಿರೋದು ರದ್ದಾದ ಬಿಲ್ಲು. ತೆರಿಗೆಯ ಎರಡರಷ್ಟು ದಂಡ ಕೇಳ್ತಾರೆ. ಗಡಿಯಾರಕ್ಕಿಂತ ಮೊದಲು ಮಾಲು ಎಲ್ಲಿದೆ ಅಂತ ನೋಡಿ ಅನ್ನೋದು ನನ್ನ ಮಾತು.

ಗೌರಿಬಿದನೂರು ಹಾರ್ಡ್‌ವೇರ್ · ಮಂಗಳವಾರ, ಬೆಳಗ್ಗೆ 8:10

ನಮ್ಮಲ್ಲೂ ಇದೇ ಆಗಿದೆ. ಗಿರಾಕಿ ಅಂಗಡಿ ಹೆಸರಲ್ಲಿ ಒಂದು ಅಕ್ಷರ ತಪ್ಪಾಗಿತ್ತು, ಅಡ್ರೆಸ್ಸಲ್ಲಿ ಪಿನ್‌ಕೋಡೂ ಹಳೇದು. ಅದಕ್ಕೂ ಕ್ರೆಡಿಟ್ ನೋಟ್ ಕೊಡಬೇಕಾ? ನಮ್ಮ ಹುಡುಗ ಆಗಲೇ ಕೊಟ್ಟುಬಿಟ್ಟಿದ್ದಾನೆ.

ಇನ್ನೊಂದು ಇದೆ. ಒಬ್ಬ ಕಂಟ್ರಾಕ್ಟರ್ 50,000ದ ಕಂಬಿ ತಗೊಂಡು ಹೋದ. ತೆರಿಗೆ 9,000 ಸೇರಿ 59,000 ಕೊಟ್ಟ. ಆವಾಗ ಜಿಎಸ್‌ಟಿ ನಂಬರ್ ಹೇಳಲಿಲ್ಲ, ಮಾಮೂಲಿ ಗಿರಾಕಿ ಅಂತ ಬಿಲ್ ಹಾಕಿದ್ವಿ. ತಿಂಗಳಾದ ಮೇಲೆ ಬಂದು ನಂಬರ್ ಹಾಕಿಕೊಡಿ ಅಂತಾನೆ. ಆ ತಿಂಗಳದ್ದು ಫೈಲ್ ಆಗಿಹೋಗಿದೆ. ನಮಗೆ ಇ-ಇನ್‌ವಾಯ್ಸ್ ಇಲ್ಲ.

ಕ್ಯಾತ್ಸಂದ್ರ ರಿಟರ್ನ್ಸ್ · ಮಂಗಳವಾರ, 9:00

ಸರ್, ನಿಮ್ಮದು ಎರಡೂ ಬೇರೆ ವಿಷಯ, ಮೇಡಂ ಪ್ರಶ್ನೆಗೆ ಸೇರೋದಲ್ಲ.

ಅಕ್ಷರ ತಪ್ಪಿದ್ದಕ್ಕೆ ಕ್ರೆಡಿಟ್ ನೋಟ್ ಬೇಕಿರಲಿಲ್ಲ. ಕ್ರೆಡಿಟ್ ಯಾರಿಗೆ ಹೋಗಬೇಕು ಅಂತ ತೀರ್ಮಾನ ಮಾಡೋದು ಜಿಎಸ್‌ಟಿ ನಂಬರ್ ಮಾತ್ರ. ಜಿಎಸ್‌ಟಿಆರ್-1ರಲ್ಲಿ ಗಿರಾಕಿಯ ವಿಳಾಸ ಬರೆಯೋ ಜಾಗವೇ ಇಲ್ಲ. ನಂಬರ್ ಸರಿ ಇದ್ದರೆ, ಲೆಡ್ಜರಲ್ಲಿ ಹೆಸರು ತಿದ್ದಿ, ಗಿರಾಕಿಗೆ ಒಂದು ಪತ್ರ ಕೊಟ್ಟರೆ ಸಾಕಿತ್ತು. ಈಗ ಹುಡುಗ ಕ್ರೆಡಿಟ್ ನೋಟ್ ಕೊಟ್ಟು ಹೊಸ ಬಿಲ್ಲೂ ಕೊಟ್ಟಿದ್ದರೆ ಬಿಡಿ, ಲೆಕ್ಕ ಸರಿ ಹೋಗುತ್ತೆ. ಕ್ರೆಡಿಟ್ ನೋಟ್ ಮಾತ್ರ ಕೊಟ್ಟು ಬಿಲ್ ಹಾಕಿಲ್ಲ ಅಂದರೆ ನಿಮ್ಮ ಮಾರಾಟವೇ ಕಡಿಮೆ ತೋರಿಸಿದ ಹಾಗೆ. ಅದನ್ನು ಇವತ್ತೇ ನೋಡಿ.

ಕಂಟ್ರಾಕ್ಟರದ್ದು ನಿಜವಾಗಲೂ ತಲೆನೋವು. ನಂಬರ್ ಇಲ್ಲದ ಸಣ್ಣ ಬಿಲ್ಲುಗಳೆಲ್ಲ ಟೇಬಲ್ 7ರಲ್ಲಿ ಒಂದೇ ಮೊತ್ತವಾಗಿ ಸೇರಿಹೋಗಿರುತ್ತವೆ, ಅದರೊಳಗಿಂದ ಒಂದು ಬಿಲ್ಲನ್ನು ಎತ್ತಿ ನಂಬರ್ ಹಾಕೋಕೆ ಬರಲ್ಲ. ಟೇಬಲ್ 10ರಲ್ಲಿ ಆ ತಿಂಗಳ ಮೊತ್ತವನ್ನು 50,000 ಇಳಿಸಿ ತಿದ್ದಬೇಕು, ಈ ತಿಂಗಳ ಟೇಬಲ್ 4ರಲ್ಲಿ ಕಂಟ್ರಾಕ್ಟರ್ ನಂಬರಿಗೆ ಅದೇ ಬಿಲ್ ಹಾಕಬೇಕು. ಒಂದು ಕಡೆ 9,000 ಇಳಿಯುತ್ತೆ, ಇನ್ನೊಂದು ಕಡೆ ಏರುತ್ತೆ, ಕೈಯಿಂದ ಏನೂ ಹೋಗಲ್ಲ. ಆದರೆ ಹೀಗೆ ಪದೇ ಪದೇ ಮಾಡಿದರೆ ಪ್ರಶ್ನೆ ಬರುತ್ತೆ. ಮುಂದೆ ಬಿಲ್ ಹಾಕೋ ಮೊದಲೇ ನಂಬರ್ ಇದೆಯಾ ಅಂತ ಕೇಳೋದು ರೂಢಿ ಮಾಡಿಕೊಳ್ಳಿ.

ಮಂಡಿ ರಸ್ತೆ, ಕೋಲಾರ · ಮಂಗಳವಾರ, 11:25

ನಾನು ಕೊಳ್ಳೋ ಕಡೆಯವನು, ಟೊಮೇಟೊ ಸೀಸನ್ನಿಗೆ ಕ್ರೇಟ್ ತರಿಸಿ ರೈತರಿಗೆ, ಮಂಡಿಯವರಿಗೆ ಕೊಡೋದು ನನ್ನ ಕೆಲಸ. ಇಲ್ಲಿ ಯಾರೂ ಆ ಅಣ್ಣನ ಬಗ್ಗೆ ಮಾತಾಡ್ತಿಲ್ಲ, ಅದಕ್ಕೇ ಬರೀತಿದ್ದೀನಿ.

ಹೋದ ವರ್ಷ ಹೊರಗಿನ ಒಬ್ಬ ಸಪ್ಲೈಯರ್ ನನ್ನ ನಂಬರಿಗೆ ಬೇರೆಯವರ ಬಿಲ್ ಹಾಕಿದ್ದರು. ನನಗೆ ಗೊತ್ತಿಲ್ಲ. ನಮ್ಮ ಲೆಕ್ಕದ ಹುಡುಗ ತಿಂಗಳ ಕೊನೆಗೆ ನೋಡಿ "ಇದು ನಮ್ಮ ಮಾಲಲ್ಲ" ಅಂತ ರಿಜೆಕ್ಟ್ ಮಾಡಿದ, ಸರಿಯಾಗೇ ಮಾಡಿದ. ಅವರಿಗೆ ಎಚ್ಚರ ಆಗಿ ಮುಂದಿನ ತಿಂಗಳು ನನ್ನ ಹೆಸರಿಗೆ ಕ್ರೆಡಿಟ್ ನೋಟ್ ಕೊಟ್ಟರು, ಒಂದು ಫೋನೂ ಇಲ್ಲ. ಅದನ್ನು ನಾವು ನೋಡಲಿಲ್ಲ, ತಾನಾಗೇ ಅಕ್ಸೆಪ್ಟ್ ಆಯ್ತು. ನಾನು ತಗೊಳ್ಳದೇ ಇದ್ದ ಕ್ರೆಡಿಟ್ ನನ್ನ ಲೆಕ್ಕದಿಂದ ಕಳೆದುಹೋಯ್ತು, ಆ ತಿಂಗಳು ನಾನು ಕೈಯಿಂದ ಹಣ ಕಟ್ಟಿದೆ. ಅದನ್ನು ಸರಿ ಮಾಡಿಸಿಕೊಳ್ಳೋಕೆ ಮೂರು ತಿಂಗಳು ಓಡಾಡಿದೆ. ತಪ್ಪು ಅವರದು, ಕಟ್ಟಿದವನು ನಾನು.

ಮೇಡಂ, ಕ್ರೆಡಿಟ್ ನೋಟ್ ಕೊಡೋ ಮೊದಲು ಆ ಅಣ್ಣನಿಗೆ ಫೋನ್ ಮಾಡಿ. ಪಾಲಾದ ಅಣ್ಣ ತಮ್ಮಂದಿರು ಮಾತಾಡ್ತಾರೋ ಇಲ್ಲವೋ, ತಮ್ಮ ಹೇಳ್ತಾನೆ ಅಂತ ಕೂರಬೇಡಿ.

ಕ್ಯಾತ್ಸಂದ್ರ ರಿಟರ್ನ್ಸ್ · ಮಂಗಳವಾರ, ಮಧ್ಯಾಹ್ನ 1:40

ಕೋಲಾರದವರು ಹೇಳಿದ್ದನ್ನು ನಾನೇ ಮೊದಲು ಹೇಳಬೇಕಿತ್ತು. 2024ರ ಅಕ್ಟೋಬರಿಂದ ಐಎಂಎಸ್ ಬಂದ ಮೇಲೆ ಕ್ರೆಡಿಟ್ ನೋಟ್ ಅನ್ನೋದು ನಾವು ಕೊಟ್ಟರೆ ಮುಗಿಯೋ ಕೆಲಸ ಅಲ್ಲ.

ಮೇಡಂ ವಿಷಯದಲ್ಲಿ ಹೀಗಾಗುತ್ತೆ. ಅಣ್ಣನ ಐಎಂಎಸ್‌ನಲ್ಲಿ ಎರಡು ಸಾಲು ಕಾಣಿಸುತ್ತೆ: 36,000 ತೆರಿಗೆಯ ಬಿಲ್ಲು, 36,000 ತೆರಿಗೆಯ ಕ್ರೆಡಿಟ್ ನೋಟು. ಎರಡನ್ನೂ ಅವರು ಮುಟ್ಟದೇ ಬಿಟ್ಟರೆ ಅಥವಾ ಎರಡನ್ನೂ ಅಕ್ಸೆಪ್ಟ್ ಮಾಡಿದರೆ ಅವರ 2ಬಿಯಲ್ಲಿ ಒಂದಕ್ಕೊಂದು ಕಳೆದು ಸೊನ್ನೆ. ಬಿಲ್ಲನ್ನು ರಿಜೆಕ್ಟ್ ಮಾಡಿ ಕ್ರೆಡಿಟ್ ನೋಟ್ ಬಿಟ್ಟರೆ ಕೋಲಾರದವರಿಗೆ ಆದ ಗತಿಯೇ ಅವರಿಗೂ. ಬಿಲ್ಲನ್ನು ಒಪ್ಪಿ ಕ್ರೆಡಿಟ್ ನೋಟನ್ನು ರಿಜೆಕ್ಟ್ ಮಾಡಿದರೆ ಪೆಟ್ಟು ನಿಮಗೆ: ಮುಂದಿನ 3ಬಿಯಲ್ಲಿ ಆ 36,000 ನಿಮ್ಮ ಬಾಕಿಗೆ ಸೇರಿಕೊಳ್ಳುತ್ತೆ. ಕಲಂ 34(2)ಕ್ಕೆ 2025ರಲ್ಲಿ ತಂದ ತಿದ್ದುಪಡಿಯೂ ಅದನ್ನೇ ಹೇಳುತ್ತೆ. ಎದುರಿನವರು ಕ್ರೆಡಿಟ್ ತಗೊಂಡಿದ್ದು ವಾಪಸ್ ಮಾಡದಿದ್ದರೆ ನಿಮ್ಮ ತೆರಿಗೆ ಇಳಿಯೋದಿಲ್ಲ.

ಎರಡೂ ಒಂದೇ ತಿಂಗಳಲ್ಲಿ ಬರಲಿ ಅಂತ ನಾನು ಒತ್ತಿ ಹೇಳಿದ್ದು ಇದಕ್ಕೇ. ದುಡ್ಡಿನ ಲೆಕ್ಕಕ್ಕೆ ಮುಂದಿನ ತಿಂಗಳು ಕೊಟ್ಟರೂ ನಿಮಗೆ ನಷ್ಟವಿಲ್ಲ. ಈ ತಿಂಗಳು 36,000 ಕಟ್ಟಿರ್ತೀರಿ, ಮುಂದಿನ ತಿಂಗಳು 36,000 ಕಳೆದು 36,000 ಕೂಡುತ್ತೆ. ಆದರೆ ತಿಂಗಳು ಬೇರೆಯಾದರೆ ಅಣ್ಣನ ಕಡೆಯವರು ಒಂದನ್ನು ನೋಡಿ ಇನ್ನೊಂದನ್ನು ನೋಡದೇ ಇರೋ ಸಂಭವ ಜಾಸ್ತಿ. ತಮ್ಮನಿಗೂ ಕ್ರೆಡಿಟ್ ಒಂದು ತಿಂಗಳು ತಡ.

ಅಂತರಸನಹಳ್ಳಿ ಅಕೌಂಟ್ಸ್ · ಮಂಗಳವಾರ, 3:10

ಅಣ್ಣನಿಗೆ ಫೋನ್ ಮಾಡಿದೆ. ಮೊದಲು ಸಿಟ್ಟಾದರು, ಆಮೇಲೆ ಅವರದೇ ಆಡಿಟರ್ ಆಫೀಸಿನ ನಂಬರ್ ಕೊಟ್ಟರು. ಇನ್ನೆರಡು ಸಂಶಯ ಇದೆ ಸರ್. ಹೊಸ ಬಿಲ್ಲಿಗೆ 18ನೇ ತಾರೀಖು ಹಾಕಲಾ, ಇವತ್ತಿನದಾ? ಹೊಸ ಬಿಲ್ಲಿಗೆ ಹೊಸ ಇ-ವೇ ಬಿಲ್ ಬೇಕಾ? 50,000 ದಾಟಿದೆಯಲ್ಲ.

ಕ್ಯಾತ್ಸಂದ್ರ ರಿಟರ್ನ್ಸ್ · ಮಂಗಳವಾರ, 4:00

ತಾರೀಖು ಇವತ್ತಿನದೇ. 18ರಿಂದ ಇವತ್ತಿನವರೆಗೆ ನೀವು ಬೇರೆ ಬಿಲ್ಲುಗಳನ್ನೂ ಹಾಕಿದ್ದೀರಿ. ಅವೆಲ್ಲದರ ಆಮೇಲಿನ ನಂಬರಿಗೆ 18ನೇ ತಾರೀಖು ಬರೆದರೆ ನಂಬರೂ ತಾರೀಖೂ ಹಿಂದೆ ಮುಂದೆ ಆಗುತ್ತೆ. ಪರಿಶೀಲನೆಗೆ ಬಂದವರು ಮೊದಲು ಕೈ ಇಡೋದು ಅಲ್ಲೇ. ಮಾಲು ಹೊರಡೋ ಹೊತ್ತಿಗೆ ಬಿಲ್ ಇರಬೇಕು ಅನ್ನೋದು ಕಾನೂನು, ಆ ಲೆಕ್ಕದಲ್ಲಿ ತಮ್ಮನ ಬಿಲ್ಲು ತಡವಾದ ಬಿಲ್ಲೇ. ಅದನ್ನು ತಾರೀಖು ಹಿಂದಕ್ಕೆ ಹಾಕಿ ಮುಚ್ಚೋ ಬದಲು ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. ಬಿಲ್ಲಿನ ಕೆಳಗೆ "18ರಂದು ತಪ್ಪಾಗಿ ಬೇರೆಯವರ ಹೆಸರಿಗೆ ಆದ ಇಂಥ ನಂಬರಿನ ಬಿಲ್ಲಿನ ಬದಲಿಗೆ, ಮಾಲು ಇಂಥ ಇ-ವೇ ಬಿಲ್ಲಿನಲ್ಲಿ ತಲುಪಿದೆ" ಅಂತ ಎರಡು ಸಾಲು. ಜೊತೆಗೆ ಲಾರಿ ರಸೀದಿ, ತಮ್ಮನ ಸಹಿ ಇರೋ ಡೆಲಿವರಿ ಪ್ರತಿ, ಅಣ್ಣನಿಂದ "ಈ ಮಾಲು ನಮಗೆ ಬಂದಿಲ್ಲ, ಕ್ರೆಡಿಟ್ ತಗೊಂಡಿಲ್ಲ" ಅನ್ನೋ ಒಂದು ಪತ್ರ ಇಟ್ಟುಕೊಳ್ಳಿ. ತೆರಿಗೆ ಈ ತಿಂಗಳೇ ಕಟ್ಟುತ್ತಿರೋದರಿಂದ ಬಡ್ಡಿಯ ಮಾತು ಬರಲ್ಲ.

ಹೊಸ ಇ-ವೇ ಬಿಲ್ ತೆಗೀಲೇಬೇಡಿ. ಇ-ವೇ ಬಿಲ್ ಇರೋದು ಮಾಲು ಓಡಾಡೋದಕ್ಕೆ, ಬಿಲ್ ಮೊತ್ತಕ್ಕಲ್ಲ. ಇವತ್ತು ಯಾವ ಲಾರಿಯೂ ಹೋಗ್ತಿಲ್ಲ. ಹೊಸ ಇ-ವೇ ಬಿಲ್ ತೆಗೆದರೆ ಕೋಲಾರಕ್ಕೆ 1,600 ಕ್ರೇಟ್ ಹೋದ ಹಾಗೆ ದಾಖಲೆ ಆಗುತ್ತೆ. ಐಆರ್‌ಎನ್ ತೆಗೆಯುವಾಗ ಗಾಡಿಯ ವಿವರ ಖಾಲಿ ಬಿಡಿ.

ಟ್ಯಾಲಿಯಲ್ಲಿ ಎರಡು ವಿಷಯ ನೋಡಿಕೊಳ್ಳಿ. ಕ್ರೆಡಿಟ್ ನೋಟ್ ಹಾಕುವಾಗ ಕಾರಣ ಕೇಳುತ್ತೆ, ಅಭ್ಯಾಸಬಲದಿಂದ `01-Sales Return` ಒತ್ತಬೇಡಿ. ಮಾಲು ವಾಪಸ್ ಬಂದಿಲ್ಲ, `04-Correction in Invoice` ಆರಿಸಿ. ಇನ್ನೊಂದು, ಕ್ರೆಡಿಟ್ ನೋಟ್ ಮೊದಲು, ಬಿಲ್ಲು ಆಮೇಲೆ. ಉಲ್ಟಾ ಹಾಕಿದರೆ ಸ್ಟಾಕಿನಲ್ಲಿ 800 ಎರಡು ಸಲ ಹೊರಗೆ ಹೋದಂತಾಗಿ, ಗೋಡೌನಲ್ಲಿ ಮಾಲು ಕಮ್ಮಿ ಇದ್ದರೆ ಆ ಹೊತ್ತಿಗೆ ಮೈನಸ್ ತೋರಿಸುತ್ತೆ.

ಆರ್ಟಿಕಲ್ ಹುಡುಗಿ, ತುಮಕೂರು · ಮಂಗಳವಾರ, ರಾತ್ರಿ 8:35

ನಾನು ಆಡಿಟ್ ಆಫೀಸಲ್ಲಿ ಕಲೀತಿದ್ದೀನಿ, ಸರ್‌ಗೆ ಎದುರು ಹೇಳ್ತಿದ್ದೀನಿ ಅಂದುಕೊಳ್ಳಬೇಡಿ. ಕಲಂ 34ರಲ್ಲಿ ಕ್ರೆಡಿಟ್ ನೋಟಿಗೆ ಕಾರಣ ಎಣಿಸಿ ಹೇಳಿದ್ದಾರೆ. ಬೆಲೆ ಅಥವಾ ತೆರಿಗೆ ಕೊಡಬೇಕಾದ್ದಕ್ಕಿಂತ ಹೆಚ್ಚಾಗಿದ್ದರೆ, ಮಾಲು ವಾಪಸ್ ಬಂದರೆ, ಮಾಲಲ್ಲೋ ಸೇವೆಯಲ್ಲೋ ಕೊರತೆ ಇದ್ದರೆ. "ಗಿರಾಕಿ ತಪ್ಪು" ಅಂತ ಎಲ್ಲೂ ಇಲ್ಲ. ಇಲ್ಲಿ ಬೆಲೆಯೂ ಸರಿ, ತೆರಿಗೆಯೂ ಸರಿ. ಹಾಗಾಗಿ ಈ ತಿಂಗಳು ಹಾಗೇ ಫೈಲ್ ಮಾಡಿ, ಮುಂದಿನ ತಿಂಗಳ ಜಿಎಸ್‌ಟಿಆರ್-1ರ ಟೇಬಲ್ 9ಎಯಲ್ಲಿ ಅಣ್ಣನ ನಂಬರ್ ತೆಗೆದು ತಮ್ಮನದು ಹಾಕೋದೇ ಕಾನೂನಿಗೆ ಹತ್ತಿರ ಅಲ್ಲವಾ? ಅಲ್ಲಿ ಗಿರಾಕಿ ನಂಬರ್ ಬದಲಿಸೋಕೆ ಬರುತ್ತೆ. ಅದೇ ಬಿಲ್ ನಂಬರ್, ಅದೇ 18ನೇ ತಾರೀಖು ಉಳಿಯುತ್ತೆ, ತಮ್ಮ ಕೇಳಿದ್ದೂ ಅದನ್ನೇ.

ಶಿರಾ ಟ್ಯಾಲಿ · ಮಂಗಳವಾರ, 8:50

ಮುಂದಿನ ತಿಂಗಳು ಯಾಕಮ್ಮ, ಜಿಎಸ್‌ಟಿಆರ್-1ಎ ಅಂತ ಬಂದಿದೆಯಲ್ಲ? 3ಬಿ ಹಾಕೋ ಮೊದಲು ಅದೇ ತಿಂಗಳಲ್ಲಿ ತಿದ್ದಬಹುದು.

ಆರ್ಟಿಕಲ್ ಹುಡುಗಿ, ತುಮಕೂರು · ಮಂಗಳವಾರ, 9:05

ಮೊತ್ತ, ದರ ಎಲ್ಲ ತಿದ್ದಬಹುದು ಅಣ್ಣ. ಗಿರಾಕಿಯ ಜಿಎಸ್‌ಟಿ ನಂಬರ್ ಮಾತ್ರ 1ಎಯಲ್ಲಿ ಬದಲಾಗಲ್ಲ. ಅದಕ್ಕೆ ಮುಂದಿನ ತಿಂಗಳ ಜಿಎಸ್‌ಟಿಆರ್-1ಕ್ಕೇ ಕಾಯಬೇಕು. ಆಫೀಸಲ್ಲಿ ನಾನೇ ಪ್ರಯತ್ನ ಮಾಡಿ ಸುಸ್ತಾಗಿದ್ದೀನಿ.

ಕ್ಯಾತ್ಸಂದ್ರ ರಿಟರ್ನ್ಸ್ · ಮಂಗಳವಾರ, 10:20

ನೀನು ಎತ್ತಿದ ಪ್ರಶ್ನೆ ಸರಿಯಾದದ್ದು ಕಣಮ್ಮ. ಇ-ಇನ್‌ವಾಯ್ಸ್ ಇಲ್ಲದ ಅಂಗಡಿ ಆಗಿದ್ದರೆ, ರಿಟರ್ನ್ ಫೈಲ್ ಆದಮೇಲೆ ತಪ್ಪು ಕಂಡಿದ್ದರೆ, ನಾನೂ 9ಎ ಅಂತಲೇ ಹೇಳ್ತಿದ್ದೆ. ಒಂದೇ ಬಿಲ್ಲು, ಒಂದೇ ತಿದ್ದುಪಡಿ, ಎದುರಿನ ಅಣ್ಣನ ತಲೆಗೆ ಕ್ರೆಡಿಟ್ ನೋಟಿನ ಭಾರ ಇಲ್ಲ.

ಮೇಡಂ ಕಾರ್ಖಾನೆಗೆ ಅದು ಕೈ ಕೊಡೋದು ಇಲ್ಲಿ. 9ಎಯಲ್ಲಿ ರಿಟರ್ನ್ ಮಾತ್ರ ಬದಲಾಗುತ್ತೆ. ಐಆರ್‌ಎನ್ ಮತ್ತು ಕ್ಯೂಆರ್ ಕೋಡಿನಲ್ಲಿ ಅಣ್ಣನ ನಂಬರೇ ಉಳಿಯುತ್ತೆ, ಅದನ್ನು ತಿದ್ದೋ ದಾರಿ ಇಲ್ಲ. ತಮ್ಮನ ಹೆಸರಿಗೆ ನೀವು ಬೇರೆ ಕಾಗದ ಕೊಟ್ಟರೆ ಅದಕ್ಕೆ ಐಆರ್‌ಎನ್ ಇರಲ್ಲ. ಇ-ಇನ್‌ವಾಯ್ಸ್ ಕಡ್ಡಾಯ ಇರೋರು ಐಆರ್‌ಎನ್ ಇಲ್ಲದೆ ಕೊಟ್ಟ ಬಿಲ್ಲು ಬಿಲ್ಲೇ ಅಲ್ಲ ಅಂತ ನಿಯಮ 48(5) ಹೇಳುತ್ತೆ. ನಾಳೆ ತಮ್ಮನ ಕಡೆ ಪರಿಶೀಲನೆ ಆದರೆ 2ಬಿಯಲ್ಲಿ ಕ್ರೆಡಿಟ್ ಇದೆ, ಕೈಯಲ್ಲಿ ಅವರ ಹೆಸರಿನ ಬಿಲ್ಲಿಲ್ಲ. ನಾನು ತಮ್ಮನ ಆಡಿಟರ್ ಆಗಿದ್ದರೆ ಅದನ್ನು ಒಪ್ಪಲ್ಲ.

ಇನ್ನು ಕಲಂ 34. ಅಣ್ಣ ಕೊಡಬೇಕಾದದ್ದು ಸೊನ್ನೆ, ನಾವು ಬರೆದದ್ದು 2,36,000, ಆದ್ದರಿಂದ ಹೆಚ್ಚಾಗಿ ಬರೆದ ಹಾಗಾಯ್ತು ಅಂತ ಓದಿಕೊಂಡೇ ಎಲ್ಲರೂ ಕೊಡ್ತಿದ್ದಾರೆ. ಇದು ನನ್ನ ಓದು. ನಿನ್ನ ಓದು ತಪ್ಪು ಅಂತ ಹೇಳೋ ಧೈರ್ಯ ನನಗಿಲ್ಲ.

ಆರ್ಟಿಕಲ್ ಹುಡುಗಿ, ತುಮಕೂರು · ಮಂಗಳವಾರ, 10:40

48(5) ನನ್ನ ತಲೆಗೆ ಹೊಳೆದಿರಲಿಲ್ಲ ಸರ್. ಆದರೂ ಕಲಂ 34 ಬಗ್ಗೆ ನಾನು ಒಪ್ಪಲ್ಲ. ನಮ್ಮ ಸರ್ ಜೊತೆ ಮಾತಾಡಿ ನೋಡ್ತೀನಿ.

ಹಾಗೇ ಒಂದು ಕೇಳೋದಿದೆ. ನಮ್ಮ ಒಬ್ಬ ಪಾರ್ಟಿಗೆ 2025-26ರ ಮಾರ್ಚ್ ಬಿಲ್ಲಲ್ಲಿ ಇದೇ ತಪ್ಪಾಗಿದೆ, ಎದುರಿನವರು ಕ್ರೆಡಿಟ್ ಕೂಡ ತಗೊಂಡುಬಿಟ್ಟಿದ್ದಾರೆ, ಫೋನ್ ಎತ್ತುತ್ತಿಲ್ಲ. ಎಲ್ಲೀವರೆಗೆ ಸಮಯ ಇದೆ?

ಕ್ಯಾತ್ಸಂದ್ರ ರಿಟರ್ನ್ಸ್ · ಮಂಗಳವಾರ, 10:55

ಕ್ರೆಡಿಟ್ ನೋಟಾಗಲಿ 9ಎ ತಿದ್ದುಪಡಿಯಾಗಲಿ, 2026ರ ನವೆಂಬರ್ 30ರವರೆಗೆ. ಅದಕ್ಕೂ ಮೊದಲೇ ಆ ವರ್ಷದ ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಬಾಗಿಲು ಅವತ್ತೇ ಮುಚ್ಚುತ್ತೆ, ಅದನ್ನು ತಡೆಹಿಡೀರಿ. ಎದುರಿನವರು ವಾಪಸ್ ಮಾಡದಿದ್ದರೆ ಏನು ಅನ್ನೋದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಪತ್ರ ಬರೆದು, ರಿಜಿಸ್ಟರ್ಡ್ ಪೋಸ್ಟಿನ ರಸೀದಿ ಇಟ್ಟುಕೊಳ್ಳಿ.

ಅಂತರಸನಹಳ್ಳಿ ಅಕೌಂಟ್ಸ್ · ಬುಧವಾರ, ಸಂಜೆ 5:45

ಮಾಡಿ ಮುಗಿಸಿದೆ. ಮೊದಲು ಅಣ್ಣನಿಗೆ ಕ್ರೆಡಿಟ್ ನೋಟ್, ಐಆರ್‌ಎನ್ ಬಂತು. ಆಮೇಲೆ ತಮ್ಮನಿಗೆ ಹೊಸ ನಂಬರಿನ ಬಿಲ್ಲು, ಗಾಡಿ ವಿವರ ಖಾಲಿ. ಯಜಮಾನರಿಗೆ ಲೆಕ್ಕ ಹೀಗೆ ಬರೆದು ತೋರಿಸಿದೆ: ಹಳೇ ಬಿಲ್ಲು 36,000, ಹೊಸ ಬಿಲ್ಲು 36,000, ಕ್ರೆಡಿಟ್ ನೋಟ್ 36,000 ಕಳೆದು, ಕಟ್ಟೋದು ಒಂದೇ 36,000. ಅದನ್ನು ನೋಡಿದ ಮೇಲೆ ಅವರು ಡಿಲೀಟ್ ಮಾತು ಬಿಟ್ಟರು. ತಮ್ಮನಿಗೆ ತಾರೀಖಿನ ಬಗ್ಗೆ ಬೇಸರ ಇದೆ, ಆದರೆ ಇದೇ ತಿಂಗಳ ಕ್ರೆಡಿಟ್ ಸಿಗುತ್ತೆ ಅಂದಾಗ ಒಪ್ಪಿದರು.

ಎರಡು ಲೆಡ್ಜರಿಗೂ ಕೊನೆಯಲ್ಲಿ ಜಿಎಸ್‌ಟಿ ನಂಬರಿನ ಕೊನೇ ನಾಲ್ಕು ಅಕ್ಷರ ಸೇರಿಸಿ ಹೆಸರು ಬದಲಾಯಿಸಿದ್ದೀನಿ. ಇನ್ನು ಮೇಲೆ ಆರಿಸುವಾಗ ಕಣ್ಣಿಗೆ ಬೀಳುತ್ತೆ.

ಅಂತರಸನಹಳ್ಳಿ ಅಕೌಂಟ್ಸ್ · ಮುಂದಿನ ತಿಂಗಳು 15, ಬೆಳಗ್ಗೆ 10:30

ಮತ್ತೆ ಬಂದೆ. ಜಿಎಸ್‌ಟಿಆರ್-1 11ಕ್ಕೇ ಫೈಲ್ ಮಾಡಿದೆ. ಇವತ್ತು ಐಎಂಎಸ್‌ನಲ್ಲಿ ನಮ್ಮ ಕಡೆಯಿಂದ ನೋಡಿದರೆ, ಅಣ್ಣನವರು ಬಿಲ್ಲನ್ನು ರಿಜೆಕ್ಟ್ ಮಾಡಿದ್ದಾರೆ, ಕ್ರೆಡಿಟ್ ನೋಟ್ ಮುಟ್ಟಿಲ್ಲ. ಕೋಲಾರದ ಸರ್ ಹೇಳಿದ್ದೇ ಆಗ್ತಿದೆ. ನಿನ್ನೆ 14, 2ಬಿ ಬಂದುಬಿಟ್ಟಿದೆ. ಇನ್ನೇನಾದರೂ ಮಾಡಬಹುದಾ?

ಕ್ಯಾತ್ಸಂದ್ರ ರಿಟರ್ನ್ಸ್ · 15, 10:50

ಅವರು 3ಬಿ ಹಾಕಿದ್ದಾರಾ ಅಂತ ಮೊದಲು ಕೇಳಿ. ಹಾಕಿಲ್ಲ ಅಂದರೆ ಸಮಯ ಇದೆ. ಐಎಂಎಸ್‌ನಲ್ಲಿ ಆ ಬಿಲ್ಲನ್ನು ರಿಜೆಕ್ಟಿನಿಂದ ಅಕ್ಸೆಪ್ಟಿಗೆ ಬದಲಿಸಿ, 2ಬಿಯನ್ನು ಮತ್ತೆ ಲೆಕ್ಕ ಹಾಕಿಸಬೇಕು. ಅದಕ್ಕೆ ಅಲ್ಲೇ ಬಟನ್ ಇದೆ, ಒತ್ತದಿದ್ದರೆ ಹಳೇ 2ಬಿಯೇ ಉಳಿಯುತ್ತೆ. "ನಮ್ಮದಲ್ಲದ ಬಿಲ್ಲು ಯಾಕೆ ಅಕ್ಸೆಪ್ಟ್ ಮಾಡಲಿ" ಅಂತಾರೆ. ಕ್ರೆಡಿಟ್ ನೋಟ್ ಜೊತೆಗಿದೆ, ಎರಡೂ ಸೇರಿ ಸೊನ್ನೆ ಅಂತ ಬಿಡಿಸಿ ಹೇಳಿ.

ಮಂಡಿ ರಸ್ತೆ, ಕೋಲಾರ · 15, 11:30

ಆ ಆಡಿಟರ್ ಆಫೀಸು ಕೋಲಾರದಲ್ಲೇ ಆದರೆ ನಾನೇ ಹೋಗಿ ನನ್ನ ಹಳೇ ಕಾಗದ ತೋರಿಸಿ ಬರ್ತೀನಿ ಮೇಡಂ. ಫೋನಲ್ಲಿ ಇದು ಅರ್ಥ ಆಗಲ್ಲ.

ಅಂತರಸನಹಳ್ಳಿ ಅಕೌಂಟ್ಸ್ · 15, ಸಂಜೆ 6:10

ಬೇಕಾಗಲಿಲ್ಲ ಸರ್, ಆದರೂ ನೀವು ಹಾಗಂದಿದ್ದಕ್ಕೆ ತುಂಬಾ ಉಪಕಾರ. 3ಬಿ ಹಾಕಿರಲಿಲ್ಲ. ನಾನು ಎರಡೂ ಕಾಗದದ ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, ಬಿಲ್ಲಿನ ಸಾಲು, ನೋಟಿನ ಸಾಲು ಬೆರಳಿಟ್ಟು ತೋರಿಸೋ ಹಾಗೆ ಗುರುತು ಮಾಡಿದೆ. ಮಧ್ಯಾಹ್ನ ಬದಲಿಸಿದರು. 2ಬಿ ಮತ್ತೆ ತೆಗೆದು ಸ್ಕ್ರೀನ್‌ಶಾಟ್ ಕಳಿಸಿದ್ದಾರೆ, ನಮ್ಮ ಎರಡು ಸಾಲೂ ಅದರಲ್ಲಿವೆ, ಒಂದಕ್ಕೊಂದು ಕಳೆದಿವೆ. ತಮ್ಮನ 2ಬಿಯಲ್ಲೂ 36,000 ಬಂದಿದೆ. ಅಣ್ಣನಿಂದ ಬರಬೇಕಾದ ಪತ್ರ ಮಾತ್ರ ಇನ್ನೂ ಬಂದಿಲ್ಲ, ಅದಕ್ಕೆ ಶುಕ್ರವಾರ ಕ್ರೇಟ್ ಲಾರಿ ಜೊತೆ ನಮ್ಮ ಹುಡುಗನನ್ನೇ ಕಳಿಸ್ತಿದ್ದೀನಿ.